ಒಂದೇ ರೇಟಿಂಗ್, ಬೇರೆ ಬೇರೆ ಹೈಕ್

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ನಾನು ಎಚ್‌ಆರ್. ಏಪ್ರಿಲ್ ಬಂದರೆ ಎಲ್ಲರನ್ನೂ ಕೂರಿಸಿ ಈ ವರ್ಷದ ಅಪ್ರೈಸಲ್ ಹೇಗಾಯಿತು, ಸಂಬಳ ಯಾವ ಲೆಕ್ಕದಲ್ಲಿ ಏರಿತು ಅಂತ ಹೇಳುವುದು ನನ್ನ ಪಾಲಿಗೆ ಬರುತ್ತದೆ.

ಮೊದಲು ಮ್ಯಾನೇಜರ್‌ಗಳು ಒಬ್ಬೊಬ್ಬರಿಗೇ ರೇಟಿಂಗ್ ತಿಳಿಸಿರಬೇಕು. ಆಮೇಲೆ ನನ್ನ ಸಭೆ. ಹೈಕ್ ಲೆಟರ್ ಕೊನೆಗೆ, ಅದೇ ಸಂಜೆ. ಲೆಟರ್ ಮೊದಲೇ ಕೈಗೆ ಕೊಟ್ಟರೆ ಯಾರೂ ಲೆಕ್ಕ ಕೇಳಿಸಿಕೊಳ್ಳುವುದಿಲ್ಲ, ಪಕ್ಕದವರ ನಂಬರ್ ಎಷ್ಟು ಅಂತಲೇ ನೋಡುತ್ತಾರೆ.

ಸ್ಲೈಡ್ ಬಿಟ್ಟು ಬೋರ್ಡ್ ಮೇಲೆ ಬರೆಯುತ್ತೇನೆ. ಹುದ್ದೆಯೊಂದರ ಸಂಬಳದ ಮಿತಿ 5 ಲಕ್ಷದಿಂದ 9 ಲಕ್ಷ, ನಡುವೆ 7 ಲಕ್ಷ. 'ಅ' ಅನ್ನುವವರ ಸಿಟಿಸಿ, ಅಂದರೆ ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ ವರ್ಷಕ್ಕೆ ಕಂಪನಿಗೆ ತಗಲುವ ಒಟ್ಟು ಖರ್ಚು, 5,60,000. 'ಬ' ಅವರದು 8,00,000. ಇಬ್ಬರಿಗೂ ರೇಟಿಂಗ್ 4. ನಡುವಿನ ಗೆರೆಗಿಂತ ಕೆಳಗಿರುವ 'ಅ'ಗೆ 11%, ಮೇಲಿರುವ 'ಬ'ಗೆ 7%. ಇಷ್ಟು ಬರೆದ ತಕ್ಷಣ ಹಿಂದಿನ ಸಾಲಿನಿಂದ ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಹಾಗಾದರೆ ಸೀನಿಯರ್ ಆಗಿದ್ದೇ ತಪ್ಪಾ?"

ಆಗ ಶೇಕಡಾ ಅಳಿಸಿ ರೂಪಾಯಿ ಬರೆಯುತ್ತೇನೆ. 'ಅ'ಗೆ 61,600, 'ಬ'ಗೆ 56,000. ಶೇಕಡಾದಲ್ಲಿ ಕಂಡಷ್ಟು ದೂರ ರೂಪಾಯಿಯಲ್ಲಿ ಇಲ್ಲ, ಅಲ್ವಾ? ಒಂದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುವವರ ಸಂಬಳ ಹತ್ತಿರ ಬರಲಿ ಅನ್ನುವುದೇ ಈ ಪದ್ಧತಿಯ ಉದ್ದೇಶ. 'ಬ'ಗೆ ಬೇಜಾರಾಗುವುದಂತೂ ನಿಜ. ಅದನ್ನು ಮುಚ್ಚಿಡುವುದಿಲ್ಲ. ಮಿತಿಯ ತುದಿಗೆ ಹೋದಷ್ಟೂ ಹೈಕ್ ಸಣ್ಣದಾಗುತ್ತದೆ, ದೊಡ್ಡ ಏರಿಕೆ ಬೇಕಿದ್ದರೆ ಬಡ್ತಿಯೇ ದಾರಿ ಅಂತ ನೇರವಾಗಿಯೇ ಹೇಳುತ್ತೇನೆ. "ಬಜೆಟ್ ಇಲ್ಲ" ಅಂತ ಸುಮ್ನೆ ಜಾರಿಕೊಂಡರೆ ಜನ ಮುಂದಿನ ಮಾತು ನಂಬುವುದಿಲ್ಲ.

ಇನ್ನೊಂದು ಗಲಾಟೆ ಮೇ ತಿಂಗಳ ಸ್ಯಾಲರಿ ಸ್ಲಿಪ್ ಬಂದಾಗ ಏಳುತ್ತದೆ. ಅದನ್ನೂ ಇಲ್ಲೇ ಮುಗಿಸುತ್ತೇನೆ. 61,600ನ್ನು 12ರಿಂದ ಭಾಗಿಸಿ ತಿಂಗಳಿಗೆ 5,133 ಜಾಸ್ತಿ ಬರುತ್ತದೆ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಬೇಸಿಕ್ ಸಿಟಿಸಿಯ ಅರ್ಧ, ಪಿಎಫ್ ಪೂರ್ತಿ ಬೇಸಿಕ್ ಮೇಲೆ. ಹಾಗಾಗಿ ಬೇಸಿಕ್ 30,800 ಏರುತ್ತದೆ. ಅದರ 12% ಕಂಪನಿ ಪಾಲಿನ ಪಿಎಫ್, ಇನ್ನೊಂದು 12% ನೌಕರರದು, 4.81% ಗ್ರಾಚ್ಯುಟಿ. ಇವೆಲ್ಲ ಹೋಗಿ ಕೈಗೆ ಬರುವುದು ತಿಂಗಳಿಗೆ ಸುಮಾರು 4,390, ತೆರಿಗೆ ಲೆಕ್ಕ ಬೇರೆ. ಪಿಎಫ್‌ಗೆ ಹೋದ ದುಡ್ಡು ಅವರ ಖಾತೆಯಲ್ಲೇ ಇರುತ್ತದೆ. ಆದರೆ ಆ ತಿಂಗಳ ಬಾಡಿಗೆಗೆ ಅದು ಒದಗುವುದಿಲ್ಲವಲ್ಲ!

"ನನಗ್ಯಾಕೆ 3 ಕೊಟ್ಟರು?" ಅನ್ನುವ ಪ್ರಶ್ನೆಗೆ ಮಾತ್ರ ಎಲ್ಲರೆದುರು ಉತ್ತರಿಸುವುದಿಲ್ಲ, ಕೇಳಿದವರು ಎಷ್ಟೇ ಒತ್ತಾಯ ಮಾಡಲಿ. ಒಬ್ಬರ ಕೆಲಸದ ಬಗ್ಗೆ ಮಾತಾಡಿದರೆ ಮ್ಯಾನೇಜರ್ ಅಲ್ಲೇ ಸಮರ್ಥನೆಗೆ ಇಳಿಯುತ್ತಾರೆ, ಉಳಿದವರು ಪಂಚಾಯ್ತಿಗೆ ಕೂರುತ್ತಾರೆ. ಅಂಥವರ ಹೆಸರು ಬರೆದುಕೊಂಡು, ಆ ವಾರದೊಳಗೆ ಅವರು, ಮ್ಯಾನೇಜರ್, ನಾನು ಮೂವರೂ ಕೂರುತ್ತೇವೆ. ವರ್ಷದ ಶುರುವಿನಲ್ಲಿ ಬರೆದ ಗುರಿಗಳ ಹಾಳೆ ಆಗ ಮೇಜಿನ ಮೇಲಿರಬೇಕು. ಹಾಳೆಯಲ್ಲಿ ಇಲ್ಲದ ಕಾರಣಕ್ಕೆ ರೇಟಿಂಗ್ ಇಳಿಸಿದ್ದರೆ ಅದನ್ನು ಮರುಪರಿಶೀಲನೆಗೆ ಕಳಿಸುತ್ತೇನೆ.