ಒಂಟಿ 1ರಿಂದ ಶುರು: ಕೆ-ಮ್ಯಾಪ್ ಬಿಡಿಸುವ ನನ್ನ ರೂಢಿ

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪೇಪರಿನಲ್ಲಿ ಕೆ-ಮ್ಯಾಪ್ ಪ್ರಶ್ನೆ ಕಂಡರೆ ಹುಡುಗರಿಗೆ ಖುಷಿ. ಬೂಲಿಯನ್ ನಿಯಮಗಳನ್ನು ನೆನಪು ಮಾಡಿಕೊಳ್ಳುತ್ತ ಕೂರಬೇಕಿಲ್ಲ; ಮನೆಗಳಲ್ಲಿ 1 ತುಂಬಿ, ಗೆರೆ ಸುತ್ತಿದರೆ ಉತ್ತರ ಸಿಕ್ಕಿತು. ಆದರೆ ಮ್ಯಾಪು ಪೂರ್ತಿ ಸರಿ ಇದ್ದೂ ಉತ್ತರದಲ್ಲಿ ಒಂದು ಪದ ಹೆಚ್ಚಿಗೆ ಉಳಿದಿರುವುದು ಎಷ್ಟೋ ಸಲ ಕಾಣುತ್ತದೆ. ಬಾಗಲಕೋಟೆಯ ನವನಗರದಲ್ಲಿ ಸಂಜೆ ಹೊತ್ತು ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುವ ನನಗೆ, ಈ ಹೆಚ್ಚುವರಿ ಪದವನ್ನು ತಪ್ಪಿಸುವುದೇ ಇಡೀ ಅಧ್ಯಾಯದ ತಿರುಳು ಅನ್ನಿಸುತ್ತದೆ. ನಾನು ಪರೀಕ್ಷೆಗೆ ಓದುವಾಗ ರೂಢಿಸಿಕೊಂಡ ಕ್ರಮವನ್ನೇ ಇಲ್ಲಿ ಒಂದು ಲೆಕ್ಕದ ಮೇಲೆ ತೋರಿಸುತ್ತೇನೆ.

ಮೊದಲು ಮನೆಗಳ ಕ್ರಮ. ನಾಲ್ಕು ವೇರಿಯಬಲ್ ಇದ್ದರೆ 16 ಮನೆ. ಸಾಲಿಗೆ AB, ಕಂಬಕ್ಕೆ CD. ಎರಡಕ್ಕೂ ಕ್ರಮ 00, 01, 11, 10. ಎಣಿಕೆಯ ಪ್ರಕಾರ 01 ಆದ ಮೇಲೆ 10 ಬರಬೇಕಿತ್ತು. ಇಲ್ಲಿ 11 ಬರುತ್ತದೆ. ಕಾರಣ ಇಷ್ಟೇ: ಅಕ್ಕಪಕ್ಕದ ಎರಡು ಮನೆಗಳ ನಡುವೆ ಒಂದೇ ಒಂದು ಅಂಕಿ ಬದಲಾಗಬೇಕು. ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೋ 1953ರಲ್ಲಿ ಈ ಮ್ಯಾಪ್ ಪ್ರಕಟಿಸಿದಾಗ ಅದರ ಜೀವಾಳ ಇದೇ ಆಗಿತ್ತು. ನಾನು ಮ್ಯಾಪ್ ಹಾಕಿದ ಕೂಡಲೇ ಪ್ರತಿ ಮನೆಯ ಮೂಲೆಯಲ್ಲಿ ಅದರ ನಂಬರನ್ನು ಪೆನ್ಸಿಲ್‌ನಿಂದ ಸಣ್ಣಗೆ ಬರೆದುಬಿಡುತ್ತೇನೆ:

```
          CD
AB    00  01  11  10
00     0   1   3   2
01     4   5   7   6
11    12  13  15  14
10     8   9  11  10
```

ಇದಕ್ಕೆ ಅರ್ಧ ನಿಮಿಷ ಹೋಗುತ್ತದೆ. ಬರೆಯದೆ ಹೋದರೆ 3 ಮತ್ತು 2, ಮೂರನೇ ಸಾಲು ಮತ್ತು ನಾಲ್ಕನೇ ಸಾಲು ಅದಲು ಬದಲಾಗುವುದು ಬಹಳ ಸಲೀಸು. ಮ್ಯಾಪಿನ ಎಡ ಅಂಚು ಬಲ ಅಂಚಿಗೆ, ಮೇಲಿನ ಅಂಚು ಕೆಳಗಿನ ಅಂಚಿಗೆ ಚಾಪೆ ಸುತ್ತಿದ ಹಾಗೆ ಕೂಡುತ್ತದೆ ಎಂಬುದನ್ನೂ ಇಲ್ಲೇ ನೆನಪಿಡಬೇಕು. 0, 2, 8, 10 ಎಂಬ ನಾಲ್ಕು ಮೂಲೆಗಳು ಕೂಡಿ ಒಂದೇ ಗುಂಪು ಆಗುವುದು ಹೀಗೆ. ಅದರ ಪದ B'D'.

ಇನ್ನು ಲೆಕ್ಕ. F(A,B,C,D) = Σm(1, 5, 6, 7, 11, 12, 13, 15).

```
          CD
AB    00  01  11  10
00     0   1   0   0
01     0   1   1   1
11     1   1   1   0
10     0   0   1   0
```

ಯಾರೇ ನೋಡಿದರೂ ಕಣ್ಣು ಮೊದಲು ಹೋಗುವುದು ನಡುವಿನ ನಾಲ್ಕರ ಮೇಲೆ: 5, 7, 13, 15. ಚೌಕವಾಗಿ ಕೂತಿವೆ, ಪದವೂ ಚಿಕ್ಕದು, ಬರೀ BD. ಕ್ಲಾಸಿನಲ್ಲಿ ಕೇಳಿದ ಮಾತೂ ನೆನಪಿದೆ: "ದೊಡ್ಡ ಗುಂಪು ಮೊದಲು ಮಾಡು." ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ.

ನಾನು ಅಲ್ಲಿ ಗೆರೆ ಹಾಕುವುದಿಲ್ಲ. ಬದಲಿಗೆ ಒಂದೊಂದು 1ರ ಮೇಲೂ ಪೆನ್ಸಿಲ್ ಇಟ್ಟು, ಅದಕ್ಕೆ ಎಷ್ಟು ಕಡೆ ನಂಟಿದೆ ಎಂದು ನೋಡುತ್ತೇನೆ. ಮನೆ 1ಕ್ಕೆ ನೆರೆಯವು 0, 3, 5 ಮತ್ತು ಸುತ್ತಿಕೊಂಡು ಬಂದರೆ 9. ಅವುಗಳಲ್ಲಿ 1 ಇರುವುದು 5ರಲ್ಲಿ ಮಾತ್ರ. ಅಂದರೆ ಅದು 5ರ ಜೊತೆ ಹೋಗಲೇಬೇಕು, ಬೇರೆ ದಾರಿಯೇ ಇಲ್ಲ. ಹಾಗೆಯೇ 6ಕ್ಕೆ 7 ಒಂದೇ, 12ಕ್ಕೆ 13 ಒಂದೇ, 11ಕ್ಕೆ 15 ಒಂದೇ. ಈ ನಾಲ್ಕು ಜೋಡಿಗಳು ಕಡ್ಡಾಯ. ಪುಸ್ತಕದ ಭಾಷೆಯಲ್ಲಿ ಎಸೆನ್ಷಿಯಲ್ ಪ್ರೈಮ್ ಇಂಪ್ಲಿಕೆಂಟ್ ಅನ್ನುವುದು ಇವನ್ನೇ.

ಈಗ ನಾಲ್ಕಕ್ಕೂ ಗೆರೆ ಸುತ್ತಿ ನೋಡಿ: 1-5, 6-7, 12-13, 11-15. ಎಂಟೂ 1ಗಳು ಮುಗಿದವು. ನಡುವಿನ ಚೌಕದಲ್ಲಿ ಹೊಸದಾಗಿ ಹಿಡಿಯಬೇಕಾದದ್ದು ಒಂದೂ ಉಳಿಯಲಿಲ್ಲ.

ಈ ಲೆಕ್ಕ ಮಾಡಿಸುವಾಗ ಮುಧೋಳ ಕಡೆಯ ಹುಡುಗನೊಬ್ಬ ಒಪ್ಪಲೇ ಇಲ್ಲ. "ಅಣ್ಣಾರ, ನಡುವಿನ ನಾಕು ಎಷ್ಟ್ ಚಂದ ಕೂತಾವ ನೋಡ್ರಿ. ಅವನ್ನ ಬಿಟ್ಟು ಸಣ್ಣ ಸಣ್ಣ ಜೋಡಿ ಯಾಕ ಹುಡುಕೂದ್ರಿ?" ಅಂದ.

"ಆತು ತಮ್ಮಾ, ನಾಕನ್ನ ತಗೋ. ಆಮ್ಯಾಲ 1, 6, 12, 11 ಏನ್ ಮಾಡ್ತಿ?" ಎಂದೆ. ಪೆನ್ಸಿಲ್ ಹಿಡಿದು ಒಂದೊಂದಾಗಿ ಜೋಡಿ ಮಾಡಿದ. ಮತ್ತೆ ಅವೇ ನಾಲ್ಕು ಜೋಡಿ ಬಂದವು. BD ಮೇಲೆ ಸುಮ್ಮನೆ ಕೂತಿತ್ತು. ರಬ್ಬರ್ ತಗೊಂಡು ತಾನೇ ಒರೆಸಿದ.

ದೊಡ್ಡ ಗುಂಪು ಎಂಬ ಮಾತು ಸುಳ್ಳಲ್ಲ. ಒಂದು 1ನ್ನು ಹಿಡಿಯಲು ಹೊರಟಾಗ, ಅದರ ಗುಂಪನ್ನು ಆದಷ್ಟು ದೊಡ್ಡದು ಮಾಡು ಎಂಬುದು ಅದರ ಅರ್ಥ. ಯಾವ 1ರಿಂದ ಶುರು ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಉತ್ತರ, ನಂಟು ಕಡಿಮೆ ಇರುವ 1ರಿಂದ.

ಪದ ಓದುವಾಗ ನಾನು ಎರಡೂ ಮನೆಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆಯುತ್ತೇನೆ. 1 ಎಂದರೆ 0001, 5 ಎಂದರೆ 0101. B ಬದಲಾಗಿದೆ, ಅದನ್ನು ಬಿಡು. A ಸೊನ್ನೆ, C ಸೊನ್ನೆ, D ಒಂದು: A'C'D. ಉಳಿದವೂ ಹೀಗೆಯೇ. ಉತ್ತರ:

```
F = A'C'D + A'BC + ABC' + ACD
```

ಈ ಹಂತದಲ್ಲೇ ಒಂದು ಪರೀಕ್ಷೆ ಸಿಗುತ್ತದೆ. ಜೋಡಿಯಲ್ಲಿ ಒಂದೇ ವೇರಿಯಬಲ್ ಬಿದ್ದುಹೋಗಬೇಕು, ನಾಲ್ಕರ ಗುಂಪಿನಲ್ಲಿ ಎರಡು, ಎಂಟರಲ್ಲಿ ಮೂರು. ಜೋಡಿ ಓದುವಾಗ ಎರಡು ಅಂಕಿ ಬದಲಾದಂತೆ ಕಂಡರೆ, ಒಂದೋ ಕಂಬಗಳನ್ನು 00, 01, 10, 11 ಎಂದು ಬರೆದಿದ್ದೀರಿ, ಇಲ್ಲವೇ ಕರ್ಣದಲ್ಲಿ ಗೆರೆ ಸುತ್ತಿದ್ದೀರಿ. ಕೊನೆಗೆ ಒಂದು ಸೊನ್ನೆಯ ಮನೆಯನ್ನೂ ಹಾಕಿ ನೋಡುತ್ತೇನೆ, 1ಗಳನ್ನಷ್ಟೇ ನೋಡಿದರೆ ಸಾಲದು. 14 ಎಂದರೆ A=1, B=1, C=1, D=0. ಮೊದಲೆರಡು ಪದಗಳನ್ನು A' ಸೊನ್ನೆ ಮಾಡಿತು, ಮೂರನೆಯದನ್ನು C', ನಾಲ್ಕನೆಯದನ್ನು D. ಸರಿಯಾಗಿದೆ. ACD ಬರೆಯುವ ಕಡೆ D ಮರೆತು AC ಎಂದಿದ್ದರೆ ಅದು ಇಲ್ಲಿ ಸಿಕ್ಕಿಬೀಳುತ್ತಿತ್ತು. 1ಗಳನ್ನು ಮಾತ್ರ ನೋಡಿದ್ದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಒಂದು ಪದ ಹೆಚ್ಚಾದರೆ ಏನಾಯಿತು ಎನ್ನುವವರಿಗೆ ಲ್ಯಾಬಿನಲ್ಲಿ ಉತ್ತರ ಸಿಗುತ್ತದೆ. ಇದೇ ಸೂತ್ರವನ್ನು ನ್ಯಾಂಡ್ ಗೇಟುಗಳಿಂದ ಕಟ್ಟಿದರೆ ಮೂರು ಇನ್‌ಪುಟ್‌ನ ನಾಲ್ಕು ಗೇಟು ಬೇಕು, ಕೊನೆಗೆ ನಾಲ್ಕು ಇನ್‌ಪುಟ್‌ನದು ಒಂದು. 7410 ಐಸಿಯಲ್ಲಿ ಮೂರು ಗೇಟು ಇರುವುದರಿಂದ ಅದು ಎರಡು, ಜೊತೆಗೆ ಒಂದು 7420. BD ಉಳಿಸಿಕೊಂಡರೆ ಕೊನೆಯ ಗೇಟಿಗೆ ಐದು ತಂತಿ ಬರುತ್ತವೆ, 7420ರ ನಾಲ್ಕು ಕಾಲು ಸಾಲುವುದಿಲ್ಲ. ಎಂಟು ಇನ್‌ಪುಟ್‌ನ 7430 ತಂದು, ಬಳಸದ ಕಾಲುಗಳನ್ನು ಐದು ವೋಲ್ಟಿಗೆ ಕಟ್ಟಬೇಕು.

ಆದರೂ ಒರೆಸಿದ BD ಪೂರ್ತಿ ನಿರುಪಯೋಗಿ ಅಲ್ಲ. A=0, B=1, D=1 ಇಟ್ಟು C ಮಾತ್ರ 1ರಿಂದ 0ಗೆ ಹೋಗಲಿ; ಅಂದರೆ ಮನೆ 7ರಿಂದ 5ಕ್ಕೆ. ಎರಡೂ ಕಡೆ ಔಟ್‌ಪುಟ್ 1 ಇರಬೇಕು. ಆದರೆ A'BC ಆರಿ A'C'D ಹೊತ್ತಿಕೊಳ್ಳುವ ನಡುವೆ ಗೇಟುಗಳ ತಡದಿಂದ ಒಂದು ಕ್ಷಣ ಔಟ್‌ಪುಟ್ 0ಗೆ ಇಳಿಯಬಹುದು. ಎರಡೂ ಮನೆಗಳನ್ನು ಒಟ್ಟಿಗೆ ಹಿಡಿದಿರುವ BD ಇದ್ದರೆ ಆ ಇಳಿತ ಬರುವುದಿಲ್ಲ. ಇಂಥ ಇಳಿತದ ಅಪಾಯಕ್ಕೆ ಸ್ಟ್ಯಾಟಿಕ್ ಹಜಾರ್ಡ್ ಎನ್ನುತ್ತಾರೆ. ಹಾಗಾಗಿ ಪ್ರಶ್ನೆಯಲ್ಲಿ "ಕನಿಷ್ಠ ರೂಪ" ಎಂದಿದ್ದರೆ ನಾಲ್ಕು ಪದ ಬರೆಯಿರಿ. "ಹಜಾರ್ಡ್ ಇಲ್ಲದ ಸರ್ಕ್ಯೂಟ್" ಎಂದು ಕೇಳಿದ್ದರೆ ಐದನೆಯದಾಗಿ BD ಸೇರಿಸಿ, ಯಾಕೆ ಸೇರಿಸಿದಿರಿ ಎಂದು ಕೆಳಗೆ ಒಂದು ಸಾಲು ಬರೆಯಿರಿ.