ಆಯಿಯ ಪೇಟಿಯ ಕಪ್ಪು ಮನೆಗಳು

ಗದಗ ಹತ್ತಿರದ ನಮ್ಮ ಹಳ್ಳಿಮನೆಯ ಅಟ್ಟದಿಂದ ಆಯಿಯ ಪೇಟಿಯನ್ನು ಇಳಿಸಿದಾಗ ಅದರ ತಿದಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಹಾರ್ಮೋನಿಯಂ ರಿಪೇರಿ ನಾನು ಬಹಳ ವರ್ಷಗಳಿಂದ ಮಾಡುತ್ತ ಬಂದ ಕೆಲಸ. ಗೂಡು ತೆಗೆದು, ಹರಿದ ಮಡಿಕೆಗಳಿಗೆ ತೆಳು ಚರ್ಮ ಅಂಟಿಸಿ, ಗುಂಡಿಗಳನ್ನೆಲ್ಲ ಮುಚ್ಚಿ ತಿದಿ ಒತ್ತಿದೆ. ಗಾಳಿ ನಿಂತಿತು.

ಆಮೇಲೆ ಬೆರಳಿಟ್ಟು ಒತ್ತುವ ಮನೆಗಳ ಕಡೆ ಗಮನ ಹೋಯಿತು. ಬಿಳಿ ಮನೆಗಳು ಹಳದಿಗಟ್ಟಿದ್ದರೂ ಸವೆದಿರಲಿಲ್ಲ. ಕಪ್ಪು ಮನೆಗಳ ಬಣ್ಣ ಮಾತ್ರ ಹೋಗಿ ಒಳಗಿನ ಮರ ಕಾಣುತ್ತಿತ್ತು. ಆಯಿ ಕಪ್ಪು ಮನೆಗಳಲ್ಲೇ ನುಡಿಸುತ್ತಿದ್ದಳು, ಅಂದರೆ ಐದೇ ಸ್ವರ. ಆದರೆ ಷಡ್ಜ ಎಲ್ಲಿ? ಕಪ್ಪು ಒಂದರಲ್ಲಿದ್ದರೆ ಅದು ದುರ್ಗಾ ರಾಗ, ಮೂರರಲ್ಲಿದ್ದರೆ ಭೂಪ, ಐದರಲ್ಲಿದ್ದರೆ ಮಾಲಕಂಸ. ಅತ್ತಿಯನ್ನು ಕೇಳಿದೆ. "ತೊಟ್ಟಿಲ ಪದ ನುಡಸ್ತಿದ್ಲು. ಧಾಟಿ ಮರತೇನಪಾ" ಎಂದಳು.

ಶ್ರುತಿ ನೋಡುವಾಗ ಕಪ್ಪು ಎರಡು ಮತ್ತು ಕಪ್ಪು ಐದು, ಉಳಿದವುಗಳಿಗಿಂತ 15 ಸೆಂಟ್‌ನಷ್ಟು ಇಳಿದಿದ್ದವು. ಅರ್ಧ ಸ್ವರಕ್ಕೆ 100 ಸೆಂಟ್ ಎಂದುಕೊಂಡರೆ ಇದು ಸಣ್ಣ ತಪ್ಪು. ಹಿತ್ತಾಳೆಗೆ ವಯಸ್ಸಾಗಿದೆ ಎಂದು ಅರ ಕೈಗೆತ್ತಿಕೊಂಡೆ. ಗಾಳಿಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆ ನಾಲಗೆಯ ತುದಿ ಕೆರೆದರೆ ಅದು ಹಗುರಾಗಿ ಸ್ವರ ಏರುತ್ತದೆ, ಬುಡ ಕೆರೆದರೆ ಬಿಗುವು ಕಡಿಮೆಯಾಗಿ ಇಳಿಯುತ್ತದೆ. ತುದಿಗೆ ಅರ ತಾಗಿಸುವ ಮುನ್ನ ಭೂತಗನ್ನಡಿ ಹಿಡಿದಿದ್ದು ನನ್ನ ಪುಣ್ಯ. ಆ ಎರಡು ಮನೆಗಳ ನಾಲಗೆಗಳಲ್ಲಿ ಮಾತ್ರ, ರಿವಿಟ್ಟಿನ ಹತ್ತಿರ, ನೀಟಾಗಿ ಕೆರೆದ ಹಳೆಯ ಗೆರೆಗಳಿದ್ದವು. ಯಾರೋ ಬೇಕೆಂದೇ ಇಳಿಸಿದ್ದರು.

ಅರ ಕೆಳಗಿಟ್ಟೆ. ಪೇಟಿಯ ಸ್ವರಗಳನ್ನು ಸಮನಾಗಿ ಹಂಚಿರುವುದರಿಂದ ಶುದ್ಧ ಗಾಂಧಾರ, ಧೈವತಗಳು ತಂಬೂರಿಯ ಮುಂದೆ ಸುಮಾರು 14, 16 ಸೆಂಟ್ ಏರಿ ನಿಲ್ಲುತ್ತವೆ. ಕಿವಿ ಸೂಕ್ಷ್ಮವಿದ್ದವರು ಅವನ್ನು ಇಳಿಸಿಕೊಳ್ಳುತ್ತಾರೆ. ಕಪ್ಪು ಐದು ಗಾಂಧಾರ, ಕಪ್ಪು ಎರಡು ಧೈವತ ಆಗಬೇಕಾದರೆ ಷಡ್ಜ ಕಪ್ಪು ಮೂರೇ. ಭೂಪ! ದುರ್ಗಾ ಆಗಿದ್ದರೆ ಕಪ್ಪು ಐದನ್ನು ಮಾತ್ರ ಇಳಿಸಿದರೆ ಸಾಕಿತ್ತು, ಎರಡನ್ನು ಮುಟ್ಟುವ ಕಾರಣವಿರಲಿಲ್ಲ.

ಕಪ್ಪು ಮೂರನ್ನು ಒತ್ತಿ ಹಿಡಿದು ಅದರ ಮೇಲೆ ಐದನ್ನು ಒತ್ತಿದೆ. ಎರಡು ಸ್ವರಗಳ ನಡುವೆ ಏಳುವ ಆ ನಡುಕ ಏಳಲೇ ಇಲ್ಲ. ಸ ರಿ ಗ ಪ ದ ಎಂದು ಮೆಲ್ಲಗೆ ಓಡಾಡುತ್ತಿದ್ದೆ. ಅತ್ತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ನಿಂತಳು. ಪದಗಳಿಲ್ಲದೆ, ಗಂಟಲಲ್ಲೇ ಒಂದು ಧಾಟಿ ತೆಗೆದಳು. ನಾನು ಹಿಂದೆ ಹಿಂದೆಯೇ ನುಡಿಸಿದೆ. ಗಾಂಧಾರದಿಂದ ಪಂಚಮಕ್ಕೆ ಹಾರಿದ್ದೇ ತಡ, ನನ್ನ ಕೈ ಹಿಡಿದಳು.

"ಅವಸರ ಮಾಡಬ್ಯಾಡ. ಅವ್ವ ಇಲ್ಲಿ ಭಾಳ ಹೊತ್ತು ನಿಂದರತಿದ್ಲು."

ನನ್ನ ಬೆರಳು ಕಪ್ಪು ಐದರ ಮೇಲಿತ್ತು.