ಕಾಫಿ ಲೋಕದಲ್ಲಿ ಪರಿಚಯ ಬೆಳೆದದ್ದು ಪಾಡ್‌ಕಾಸ್ಟ್‌ನಿಂದ

ನಾನು ಮೈಸೂರಿನಲ್ಲಿ ಸಣ್ಣ ಮಟ್ಟದಲ್ಲಿ ಕಾಫಿ ಹುರಿದು ಮಾರುತ್ತೇನೆ. ಶುರು ಮಾಡಿದಾಗ ಚಿಕ್ಕಮಗಳೂರು, ಮೂಡಿಗೆರೆ ಕಡೆ ಒಬ್ಬ ಬೆಳೆಗಾರರ ಪರಿಚಯವೂ ಇರಲಿಲ್ಲ. ಬೀಜ ಬೇಕು ಅಂತ ಫೋನ್ ಮಾಡಿದರೆ "ಎಷ್ಟು ಮೂಟೆ?" ಅನ್ನುವುದೇ ಮೊದಲ ಪ್ರಶ್ನೆ. ಒಂದೋ ಎರಡೋ ಅಂದರೆ ಮಾತು ಅಲ್ಲಿಗೆ ಮುಗೀತು. ತಪ್ಪೇನಿಲ್ಲ, ಅವರು ಲೋಡ್ ಲೆಕ್ಕದಲ್ಲಿ ಏಜೆಂಟರಿಗೋ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೋ ಕೊಡುವವರು. ನನ್ನಂಥವನಿಗೋಸ್ಕರ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆಮೇಲೆ ಕಾಫಿ ಬಗ್ಗೆ ಕನ್ನಡದಲ್ಲೇ ಒಂದು ಪಾಡ್‌ಕಾಸ್ಟ್ ಶುರು ಮಾಡಿದೆ. ಕೇಳುವವರು ಇವತ್ತಿಗೂ ಜಾಸ್ತಿ ಇಲ್ಲ. ಆದರೆ ಬೀಜ ಕೇಳಿದಾಗ ಸಿಗದ ಸಮಯ ಪ್ರಶ್ನೆ ಕೇಳಿದಾಗ ಸಿಕ್ಕಿತು. ಹೇಗೆ ಅಂತ ಒಂದೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಮೂಡಿಗೆರೆ ತಾಲ್ಲೂಕಿನ ಒಬ್ಬ ಬೆಳೆಗಾರರು. ಹೆಸರು ಬೇಡ, ಎಲ್ಲರ ಹಾಗೆ ನಾನೂ ಗೌಡ್ರು ಅಂತಲೇ ಕರೆಯುವುದು. ಅವರು ಹಳೆಯ ಎಸ್. 795 ಗಿಡಗಳನ್ನು ಕಿತ್ತು ಒಂದಷ್ಟು ಜಾಗದಲ್ಲಿ ಚಂದ್ರಗಿರಿ ಹಾಕಿದ್ದಾರೆ, ಇನ್ನೊಂದಷ್ಟು ಜಾಗದಲ್ಲಿ ಹಳೆಯದನ್ನೇ ಉಳಿಸಿಕೊಂಡಿದ್ದಾರೆ ಅಂತ ಯಾರೋ ಹೇಳಿದ್ದರು. ಎಸ್. 795 ಅನ್ನುವುದು 1940ರ ದಶಕದ ಅರೇಬಿಕಾ ತಳಿ, ಚಂದ್ರಗಿರಿ 2007ರಲ್ಲಿ ಬಂದ ಗಿಡ್ಡ ತಳಿ. ಎರಡೂ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವು. ಇಷ್ಟು ಓದಿಕೊಂಡು ಅವರಿಗೆ ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿದೆ:

"ನಮಸ್ಕಾರ ಗೌಡ್ರೇ. ಕಾಫಿ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡ್ತೀನಿ. ನೀವು ಒಂದು ಪಟ್ಟೆಯಲ್ಲಿ 795 ಕಿತ್ತು ಇನ್ನೊಂದರಲ್ಲಿ ಉಳಿಸಿದ್ದೀರಂತೆ. ಯಾವುದನ್ನ ಕೀಳಬೇಕು, ಯಾವುದನ್ನ ಬಿಡಬೇಕು ಅಂತ ಹೇಗೆ ತೀರ್ಮಾನ ಮಾಡಿದ್ರಿ? ಇದೊಂದೇ ವಿಷಯ, 40 ನಿಮಿಷ ಸಾಕು. ತೋಟಕ್ಕೇ ಬರ್ತೀನಿ. ಕೊಯ್ಲು ಮುಗಿದ ಮೇಲೆ ನಿಮಗೆ ಅನುಕೂಲ ಆದ ದಿನ ಹೇಳಿ."

ಈ ಸಂದೇಶದಲ್ಲಿ ಕೆಲಸ ಮಾಡಿದ್ದು ಎರಡು ವಿಷಯ ಅಂತ ನನ್ನ ಲೆಕ್ಕ. ಪ್ರಶ್ನೆಗೆ ಅವರೊಬ್ಬರೇ ಉತ್ತರ ಹೇಳಬಲ್ಲರು. "ಕಾಫಿ ಬೆಳೆಯುವುದು ಹೇಗೆ" ಅಂತ ಕೇಳಿದ್ದರೆ ಪುಸ್ತಕ ನೋಡಪ್ಪಾ ಅನ್ನುತ್ತಿದ್ದರು. ಇನ್ನೊಂದು, ಕೊಯ್ಲು ಅಂದದ್ದು. ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು. ಆಳು, ಪಲ್ಪರ್, ಕಣ ಅಂತ ಅವರಿಗೆ ಉಸಿರಾಡಲೂ ಬಿಡುವಿರಲ್ಲ. ಆಗ ಫೋನ್ ಮಾಡುವವನಿಗೆ ತೋಟದ ಗಂಧವೇ ಇಲ್ಲ ಅಂತ ಮೊದಲ ಮಾತಿಗೇ ಗೊತ್ತಾಗಿಬಿಡುತ್ತೆ. ಹಾಗಂತ ಮಳೆಗಾಲವೂ ಬೇಡ. ಜುಲೈನಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ರೆಕಾರ್ಡ್ ಮಾಡಿದರೆ ಮಳೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ನಾನು ಹೋದದ್ದು ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋದ ಮೇಲೆ. ಮೊದಲ ಪ್ರಶ್ನೆ ಯಾವಾಗಲೂ ಉತ್ತರಿಸಲು ಸಲೀಸಾದದ್ದೇ ಇರಬೇಕು. "ಎಷ್ಟು ಸೆಂಟ್ಸ್ ಬಂತು ಮಳೆ?" ಅಂದೆ. ತೋಟದವರು ಮಳೆಯನ್ನು ಇಂಚು, ಸೆಂಟ್ಸ್‌ನಲ್ಲೇ ಹೇಳುವುದು, 100 ಸೆಂಟ್ಸ್ ಅಂದರೆ ಒಂದು ಇಂಚು. ಅವರು ಒಳಗೆ ಹೋಗಿ ಮಳೆ ಬರೆದಿಡುವ ಡೈರಿಯನ್ನೇ ತಂದರು. ಅಲ್ಲಿಂದ ಮಾತು ತಾನಾಗೇ ಹರಿಯಿತು. ಮೈಕ್ ಇದೆ ಅನ್ನುವುದು ಅವರಿಗೂ ಮರೆತುಹೋಯಿತು. ಮೈಕ್ ಅಂದರೆ ಕಾಲರಿಗೆ ಸಿಕ್ಕಿಸುವ ಸಣ್ಣದು. ದೊಡ್ಡ ಮೈಕ್ ಮುಂದಿಟ್ಟರೆ ಎಂಥವರೂ ಭಾಷಣ ಶುರು ಮಾಡಿಬಿಡುತ್ತಾರೆ, ಅಲ್ವಾ?

795 ಉಳಿದದ್ದು ನೆರಳು ಚೆನ್ನಾಗಿರುವ ಪಟ್ಟೆಯಲ್ಲಂತೆ. ಬಿಸಿಲು ಬೀಳುವ ಕಡೆ ಕಾಂಡಕೊರಕ ಜಾಸ್ತಿ. ಗಿಡ ಹಳದಿಯಾಗಿ, ಕಾಂಡದ ಮೇಲೆ ಏರು ಎದ್ದರೆ ಹುಳ ಒಳಗಿದೆ ಅಂತ ಅರ್ಥ. ಅಂಥ ಗಿಡ ಕಿತ್ತು ಸುಡುವುದು ಬಿಟ್ಟು ಬೇರೆ ದಾರಿ ಇಲ್ಲ. ಅಲ್ಲೆಲ್ಲ ಗಿಡ ಖಾಲಿಯಾದ ಮೇಲೆ ನೆರಳಿನ ಮರ ಬೆಳೆಸಿ ಚಂದ್ರಗಿರಿ ಹಾಕಿದರು. ಇದನ್ನು ಹೇಳುತ್ತಾ ಎದ್ದು ತೋಟಕ್ಕೇ ಕರೆದುಕೊಂಡು ಹೋಗಿ ಏರೆದ್ದ ಕಾಂಡದ ಮೇಲೆ ನನ್ನ ಬೆರಳಾಡಿಸಿ ತೋರಿಸಿದರು.

ಬೀಜ ಕೊಳ್ಳುವ ಮಾತನ್ನು ಆ ದಿನ ನಾನು ಎತ್ತಲೇ ಇಲ್ಲ. ಹುರಿಯುವ ಕೆಲಸ ಮಾಡುತ್ತೇನೆ ಅಂತ ಹೇಳಿದ್ದೆ, ಮುಚ್ಚಿಟ್ಟರೆ ಅದೂ ಸರಿಯಲ್ಲ. ಆದರೆ ಮಾತು ಕೇಳಲು ಬಂದು ವ್ಯಾಪಾರಕ್ಕೆ ಇಳಿದರೆ ಅದುವರೆಗಿನ ಮಾತೆಲ್ಲ ನೆಪ ಆಗಿಬಿಡುತ್ತೆ. ಕಾಫಿ ಕುಡಿಯುವಾಗ, ಮೈಕ್ ತೆಗೆದ ಮೇಲೆ, ಕೂಲಿ ಬಗ್ಗೆ, ಪಕ್ಕದ ತೋಟದವರ ಬಗ್ಗೆ ಬಹಳ ಹೇಳಿದರು. ಕೇಳಲು ರಸವತ್ತಾಗಿತ್ತು. ಅದು ಯಾವುದೂ ಎಪಿಸೋಡಿಗೆ ಹೋಗಲಿಲ್ಲ. ಸಣ್ಣ ಊರಲ್ಲಿ ಯಾರು ಯಾವ ಮಾತು ಹೊರಗೆ ಬಿಟ್ಟರು ಅನ್ನುವುದು ಬೇಗ ಹರಡುತ್ತೆ, ಯಾರು ಹೊರಗೆ ಬಿಡಲಿಲ್ಲ ಅನ್ನುವುದೂ ಹರಡುತ್ತೆ.

ನನ್ನ ಪ್ರಕಾರ ಸಂಬಂಧ ಬೆಳೆಯುವುದು ರೆಕಾರ್ಡಿಂಗ್ ದಿನ ಅಲ್ಲ, ಅದರ ಮುಂದಿನ ವಾರಗಳಲ್ಲಿ. ಎಡಿಟ್ ಮಾಡುವಾಗ ಅವರು ಹೇಳಿದ ಔಟ್‌ಟರ್ನ್ ಲೆಕ್ಕ ನನಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿಯ 50 ಕೆಜಿ ಮೂಟೆಯಿಂದ, ಸಿಪ್ಪೆ ತೆಗೆದ ಮೇಲೆ, ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನುವುದರ ಮೇಲೆ ರೇಟು ನಿಲ್ಲುವುದು. ಹೆಚ್ಚುಕಡಿಮೆ ಅರ್ಧದಷ್ಟು ಅನ್ನಿ. ಒಂದು ಕೆಜಿ ಆಚೆ ಈಚೆ ಆದರೂ ದುಡ್ಡು ಬದಲಾಗುತ್ತೆ. ಫೋನ್ ಮಾಡಿ ಕೇಳಿದೆ. ಕೇಳಿದ್ದಕ್ಕೆ ಅವರಿಗೆ ಖುಷಿಯಾಯಿತು, ಪತ್ರಿಕೆಯವರು ಯಾರೂ ಹೀಗೆ ತಿರುಗಿ ಕೇಳಲ್ಲ ಅಂದರು. "ಇದನ್ನ ನನಗಿಂತ ಚೆನ್ನಾಗಿ ಹೇಳೋರು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಬ್ರಿದ್ದಾರೆ, ನಾನೇ ಹೇಳ್ತೀನಿ ತಾಳಿ" ಅಂತ ಅವರೇ ಫೋನ್ ಮಾಡಿ ಪರಿಚಯ ಮಾಡಿಸಿದರು. ನನಗೆ ಇವತ್ತು ಅತಿ ಹೆಚ್ಚು ಕೆಲಸಕ್ಕೆ ಬರುವ ಪರಿಚಯ ಆ ಕ್ಯೂರಿಂಗ್ ವರ್ಕ್ಸ್‌ನವರದ್ದೇ. ಟಿವಿಯಲ್ಲಿ ಬರುವ ದೊಡ್ಡ ಹೆಸರಿನವರು ನನಗೂ ಸಂದರ್ಶನ ಕೊಟ್ಟಿದ್ದಾರೆ, ಚೆನ್ನಾಗೇ ಮಾತಾಡಿದ್ದಾರೆ. ಆದರೆ ಅವರಿಗೆ ನಾನು ಹತ್ತರಲ್ಲಿ ಹನ್ನೊಂದನೆಯವನು. ದಿನವೂ ಬೀಜ ಮುಟ್ಟಿ ನೋಡುವ, ಯಾರೂ ಪ್ರಶ್ನೆ ಕೇಳದ ಜನ ಬೇರೆ ಥರ ಮಾತಾಡುತ್ತಾರೆ.

ಎಪಿಸೋಡ್ ಬಂದಾಗ ಬರೀ ಲಿಂಕ್ ಕಳಿಸಲಿಲ್ಲ. ಮುಕ್ಕಾಲು ಗಂಟೆ ಯಾರು ಕೇಳುತ್ತಾರೆ ಹೇಳಿ. ಕಾಂಡಕೊರಕದ ಭಾಗದ ಎರಡು ನಿಮಿಷ ಕತ್ತರಿಸಿ ಆಡಿಯೋ ಫೈಲ್ ಕಳಿಸಿದೆ. ಅದು ಅವರ ಮನೆಯವರ ಗ್ರೂಪಿಗೆ, ಅಲ್ಲಿಂದ ಬೆಳೆಗಾರರ ಗ್ರೂಪಿಗೆ ಹೋಯಿತು. ಸಕಲೇಶಪುರದ ಕೇಳುಗರೊಬ್ಬರು ನೆರಳಿನ ಮರದ ಬಗ್ಗೆ ಪ್ರಶ್ನೆ ಕಳಿಸಿದಾಗ ಅದನ್ನು ಗೌಡ್ರಿಗೇ ದಾಟಿಸಿದೆ. ಉತ್ತರ ದೊಡ್ಡ ವಾಯ್ಸ್ ಮೆಸೇಜ್ ಆಗಿ ಬಂತು. ಮುಂದಿನ ವರ್ಷ ಹೂಮಳೆ ಬಂದ ದಿನ ಅವರೇ ಫೋನ್ ಮಾಡಿ ಎಷ್ಟು ಸೆಂಟ್ಸ್ ಅಂತ ಹೇಳಿದರು. ಅವರಾಗಿ ಫೋನ್ ಮಾಡಿದರೆ ಪರಿಚಯ ಕೂಡಿ ಬಂತು ಅಂತ ತಿಳಿಯುತ್ತೇನೆ. ಮಾಡದವರೂ ಇದ್ದಾರೆ, ಅವರನ್ನು ಸುಮ್ನೆ ಬಿಟ್ಟುಬಿಡುತ್ತೇನೆ.

ಆ ಸಲದ ಕೊಯ್ಲಿಗೆ ಮುಂಚೆ ನಾನು ನೇರವಾಗಿ ಕೇಳಿದೆ: 795ರ ಪಾರ್ಚ್‌ಮೆಂಟ್ ಒಂದೇ ಒಂದು ಮೂಟೆ ಬೇರೆ ಇಡ್ತೀರಾ, ಮಾರ್ಕೆಟ್ ರೇಟಿಗೆ? ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ, ಒಳಪೊರೆ ಇನ್ನೂ ಇರುವ ಬೀಜ. ಕಡಿಮೆ ಮಾಡಿ ಅಂತ ಕೇಳಲಿಲ್ಲ, ಕೇಳಬಾರದು. ಇಡ್ತೀನಿ ಅಂದರು, ಇಟ್ಟರು.

ಸರ್ಕಾರಿ ಸಂಸ್ಥೆಗಳ ವಿಜ್ಞಾನಿಗಳ ಹತ್ತಿರ ಮಾತ್ರ ಈ ದಾರಿ ಪೂರ್ತಿ ನಡೆಯುವುದಿಲ್ಲ. ಅವರಿಗೆ ಮೇಲಿನವರ ಅನುಮತಿ ಬೇಕು, ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಬೇಕು, ಮೈಕ್ ಮುಂದೆ ಅಳೆದು ತೂಗಿ ಮಾತಾಡುತ್ತಾರೆ. ಅಂಥ ಕಡೆ ಪಾಡ್‌ಕಾಸ್ಟ್ ಬದಲು ಬರಹಕ್ಕೆ ಅಂತ ಕೇಳುತ್ತೇನೆ. ಅವರೇ ಬರೆದ ಪ್ರಬಂಧ ಓದಿ, ಅದರಲ್ಲಿ ಅರ್ಥವಾಗದ ಒಂದು ಪ್ಯಾರಾ ಹಿಡಿದು ಇಮೇಲ್ ಮಾಡಿದರೆ, ತಡವಾದರೂ ಉತ್ತರ ಬರುತ್ತೆ.